ಕೊಟೇಶನ್ ಕಳುಹಿಸಿದ ಮೇಲೆ ಸದ್ದೇ ಇಲ್ಲ: ಎಷ್ಟು ಸಲ ಕೇಳಬೇಕು, ಯಾವಾಗ ಬಿಡಬೇಕು

ಸ್ವತಂತ್ರವಾಗಿ ಕೆಲಸ ಮಾಡುವ ವಿನ್ಯಾಸಕರು, ಅನುವಾದಕರು, ಸಣ್ಣ ಗುತ್ತಿಗೆದಾರರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಗ್ರಾಹಕರು ತಾವಾಗಿಯೇ ಬಂದು ಕೆಲಸದ ವಿವರ ಹೇಳಿದರು, ದರ ಕೇಳಿದರು, ಕೊಟೇಶನ್ ಕಳುಹಿಸಿದ್ದೂ ಆಯಿತು. ಅಲ್ಲಿಂದಾಚೆಗೆ ಮಾತಿಲ್ಲ. ಒಮ್ಮೆ ನೆನಪಿಸಿದ್ದಾಯಿತು, ಇನ್ನೊಮ್ಮೆ ನೆನಪಿಸಿದ್ದಾಯಿತು, ಉತ್ತರ ಬರಲಿಲ್ಲ. ಇನ್ನೂ ಕೇಳಿದರೆ ಪೀಡಿಸಿದಂತಾಗುತ್ತದೆ, ಬಿಟ್ಟರೆ ಕೈಗೆ ಬಂದ ಕೆಲಸ ಹೋಗುತ್ತದೆ ಎಂಬ ಸಂಕಟ.

‘ಮೂರು ಸಲ ಕೇಳಿ ಬಿಟ್ಟುಬಿಡಿ’ ಎಂಬ ಸಿದ್ಧ ಸಲಹೆ ಎಲ್ಲೆಡೆ ಸಿಗುತ್ತದೆ. ಅದರಲ್ಲಿ ತಪ್ಪಿಲ್ಲ, ಆದರೆ ಅರ್ಧ ಮಾತ್ರ ಇದೆ. ‘ನನ್ನ ಮೇಲ್ ನೋಡಿದಿರಾ?’ ಎಂದು ಮೂರು ಸಲ ಕೇಳಿದವರಿಗೆ ಮೂರನೆಯ ಮೌನದ ನಂತರವೂ ಮೊದಲ ದಿನ ತಿಳಿದಿದ್ದಷ್ಟೇ ತಿಳಿದಿರುತ್ತದೆ. ಮೇಲ್ ತಲುಪಲಿಲ್ಲವೋ, ತಲುಪಿದ್ದರೂ ಆ ವ್ಯಕ್ತಿಯ ಕೈಯಲ್ಲಿ ತೀರ್ಮಾನ ಇಲ್ಲವೋ, ದರ ಹೆಚ್ಚಾಯಿತು ಎನ್ನಲು ಸಂಕೋಚವೋ, ಒಂದೂ ಗೊತ್ತಾಗುವುದಿಲ್ಲ. ಪ್ರತಿಯೊಂದು ಸಂದೇಶವೂ ಇವುಗಳಲ್ಲಿ ಒಂದೊಂದು ಸಾಧ್ಯತೆಯನ್ನು ಪರೀಕ್ಷಿಸಿ ತಳ್ಳಿಹಾಕುವಂತಿರಬೇಕು. ಪರೀಕ್ಷಿಸಲು ಇನ್ನೇನೂ ಉಳಿಯದಿದ್ದಾಗ ನಿಲ್ಲಿಸಬಹುದು. ಅದು ಸಾಮಾನ್ಯವಾಗಿ ಮೂರನೆಯ ಸಂದೇಶದ ಹೊತ್ತಿಗೆ ಆಗುತ್ತದೆ, ಕೆಲವೊಮ್ಮೆ ಎರಡಕ್ಕೇ ಮುಗಿಯುತ್ತದೆ.

ಈ ಬರಹ ಕೊಟೇಶನ್ ನಂತರದ ಮೌನಕ್ಕೆ ಮಾತ್ರ ಸಂಬಂಧಿಸಿದ್ದು. ಕೆಲಸ ಮುಗಿಸಿ ಕೊಟ್ಟ ಮೇಲೆ ಬಾಕಿ ಹಣಕ್ಕಾಗಿ ಕೇಳುತ್ತಿದ್ದರೆ ಇಲ್ಲಿಯ ಮಾತು ಅನ್ವಯಿಸುವುದಿಲ್ಲ. ಅದು ನಿಮಗೆ ಬರಬೇಕಾದ ಹಣ, ಬಿಡುವ ಪ್ರಶ್ನೆಯೇ ಬೇರೆ.

ಮೊದಲು ಕೈಯಲ್ಲಿ ಏನಿರಬೇಕು

ಒಂದು ಹಾಳೆ ಸಾಕು. ಅದರಲ್ಲಿ ಯಾವ ದಿನ, ಯಾವ ಮಾರ್ಗದಲ್ಲಿ, ಯಾರಿಗೆ, ಏನು ಕೇಳಿ ಬರೆದಿರಿ ಎಂಬುದನ್ನು ಸಾಲಾಗಿ ಗುರುತಿಸಿ. ‘ಏನು ಕೇಳಿ’ ಎಂಬ ಕಲಮನ್ನು ಬಿಡಬೇಡಿ, ಮುಂದೆ ಎಲ್ಲವೂ ಅದರ ಮೇಲೆ ನಿಲ್ಲುತ್ತದೆ. ಜೊತೆಗೆ ಇನ್ನೊಂದು ಬೇಕು: ಈ ಗ್ರಾಹಕರಿಗಾಗಿ ನೀವು ಎಷ್ಟು ದಿನಗಳನ್ನು ಖಾಲಿ ಹಿಡಿದುಕೊಂಡಿದ್ದೀರಿ ಎಂಬ ಲೆಕ್ಕ. ಬೇರೆಯವರಿಗೆ ‘ಆಮೇಲೆ ಹೇಳುತ್ತೇನೆ’ ಎಂದು ಮುಂದೂಡಿದ ಕೆಲಸವಿದ್ದರೆ ಅದನ್ನೂ ಬರೆಯಿರಿ. ಮೌನಕ್ಕೆ ನೀವು ತೆರುತ್ತಿರುವ ಬೆಲೆ ಅದು.

1. ನಿಮ್ಮ ಕೊನೆಯ ದಿನವನ್ನು ಮೊದಲೇ ಕಟ್ಟಿಕೊಳ್ಳಿ

ಯಾವಾಗ ನಿಲ್ಲಿಸಬೇಕು ಎಂಬುದನ್ನು ಬೇಸರ ಬಂದ ದಿನ ತೀರ್ಮಾನಿಸಬೇಡಿ. ಕೊಟೇಶನ್ ಕಳುಹಿಸಿದ ದಿನವೇ ಲೆಕ್ಕ ಹಾಕಿ. ಲೆಕ್ಕ ಹಿಂದಿನಿಂದ ಬರಬೇಕು, ಅಂದರೆ ಗ್ರಾಹಕರಿಗೆ ಕೆಲಸ ಬೇಕಾದ ದಿನದಿಂದ ಹಿಂದಕ್ಕೆ.

ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗೋಣ. ಒಬ್ಬ ವಿನ್ಯಾಸಕಿಯ ಬಳಿ ಒಂದು ಕಂಪನಿ ನಲವತ್ತು ಪುಟಗಳ ವಾರ್ಷಿಕ ವರದಿಯ ಪುಟವಿನ್ಯಾಸಕ್ಕೆ ದರ ಕೇಳಿದೆ ಎಂದುಕೊಳ್ಳಿ. ಏಪ್ರಿಲ್ 25, ಶುಕ್ರವಾರದ ಸಭೆಗೆ ಮುದ್ರಿತ ಪ್ರತಿಗಳು ಬೇಕು. ಮುದ್ರಣಕ್ಕೆ ಒಂದು ವಾರ ಬೇಕು, ಹಾಗಾಗಿ ಅಂತಿಮ ಕಡತ ಏಪ್ರಿಲ್ 18ಕ್ಕೆ ಮುದ್ರಣಾಲಯದಲ್ಲಿರಬೇಕು. ವಿನ್ಯಾಸಕ್ಕೆ ಮೂರು ವಾರ, ತಿದ್ದುಪಡಿಗಳಿಗೆ ಒಂದು ವಾರ. ನಾಲ್ಕು ವಾರ ಹಿಂದಕ್ಕೆ ಬಂದರೆ ಕೆಲಸ ಮಾರ್ಚ್ 24, ಸೋಮವಾರ ಶುರುವಾಗಲೇಬೇಕು. ಅಂದರೆ ಒಪ್ಪಿಗೆ ಮಾರ್ಚ್ 21, ಶುಕ್ರವಾರದ ಒಳಗೆ ಬರಬೇಕು. ಅವರು ಕೊಟೇಶನ್ ಕಳುಹಿಸಿದ್ದು ಮಾರ್ಚ್ 3, ಸೋಮವಾರ. ಕೈಯಲ್ಲಿ ಮೂರು ವಾರವೂ ಪೂರ್ತಿ ಇಲ್ಲ.

ಈ 21 ಎಂಬ ದಿನಾಂಕ ಬಹಳ ಕೆಲಸಕ್ಕೆ ಬರುತ್ತದೆ. ಅದು ವಿನ್ಯಾಸಕಿಯ ಕೋಪದಿಂದ ಹುಟ್ಟಿದ್ದಲ್ಲ, ಗ್ರಾಹಕರ ಸಭೆಯ ದಿನದಿಂದಲೇ ಹುಟ್ಟಿದ್ದು. ಆದ್ದರಿಂದ ಅದನ್ನು ಅವರಿಗೆ ಹೇಳುವುದಕ್ಕೆ ಮುಜುಗರ ಬೇಕಿಲ್ಲ.

ಗ್ರಾಹಕರು ದಿನಾಂಕವನ್ನೇ ಕೊಟ್ಟಿಲ್ಲದಿದ್ದರೆ? ಆಗ ನೀವು ಖಾಲಿ ಹಿಡಿದಿರುವ ದಿನಗಳಿಂದ ಹಿಂದಕ್ಕೆ ಎಣಿಸಿ. ಅದೂ ಇಲ್ಲದಿದ್ದರೆ ಕೊಟೇಶನ್ ದಿನದಿಂದ ಮೂರು, ನಾಲ್ಕು ವಾರ ಎಂದಿಟ್ಟುಕೊಳ್ಳಿ. ದಿನಾಂಕ ಕೊಡದೆ ದರ ಕೇಳಿದವರಲ್ಲಿ ಹಲವರು ಇನ್ನೂ ವಿಚಾರಿಸುವ ಹಂತದಲ್ಲೇ ಇರುತ್ತಾರೆ ಎಂಬುದನ್ನೂ ನೆನಪಿಡಿ.

2. ನೀವು ಬರೆದದ್ದನ್ನು ಅವರ ಕಣ್ಣಿನಿಂದ ಓದಿ

ಮೌನದ ಬಗ್ಗೆ ಯೋಚಿಸುವ ಮೊದಲು ಕಳುಹಿಸಿದ ಸಂದೇಶವನ್ನು ತೆರೆದು, ಅದರಲ್ಲಿ ಪ್ರಶ್ನೆ ಎಲ್ಲಿದೆ ಎಂದು ಹುಡುಕಿ. ‘ಕೊಟೇಶನ್ ಲಗತ್ತಿಸಿದ್ದೇನೆ, ದಯವಿಟ್ಟು ಪರಿಶೀಲಿಸಿ’ ಎಂಬಲ್ಲಿ ಪ್ರಶ್ನೆಯೇ ಇಲ್ಲ. ಓದಿದವರು ಪರಿಶೀಲಿಸಿದರು, ಮುಗಿಯಿತು. ಅವರ ಲೆಕ್ಕದಲ್ಲಿ ಅವರು ಯಾವ ಉತ್ತರವನ್ನೂ ಬಾಕಿ ಇಟ್ಟುಕೊಂಡಿಲ್ಲ.

ಇದರ ಎದುರು ತುದಿಯ ತಪ್ಪೂ ಇದೆ. ಒಂದೇ ಮೇಲ್‌ನಲ್ಲಿ ಕಾಗದದ ಗುಣಮಟ್ಟ, ಬಣ್ಣಗಳ ಸಂಖ್ಯೆ, ಛಾಯಾಚಿತ್ರ ಯಾರು ಕೊಡುತ್ತಾರೆ, ಮುಂಗಡ ಎಷ್ಟು, ಯಾವಾಗ ಶುರು ಎಂದು ಐದು ಪ್ರಶ್ನೆ ಕೇಳಿದರೆ, ಐದಕ್ಕೂ ಉತ್ತರ ಸಿಕ್ಕಮೇಲೆ ಬರೆಯೋಣ ಎಂದು ಅವರು ಪಕ್ಕಕ್ಕಿಡುತ್ತಾರೆ. ಆ ದಿನ ಬರುವುದೇ ಇಲ್ಲ. ಇಂಥ ಸಂದೇಶದ ನಂತರದ ಮೌನವನ್ನು ನಿರಾಕರಣೆ ಎಂದು ಓದಿದರೆ ತಪ್ಪಾಗುತ್ತದೆ. ಅದು ಬರೀ ಹೊರೆಯ ಮೌನ. ಹೀಗಾಗಿದೆ ಅನ್ನಿಸಿದರೆ ನಿಮ್ಮ ಮುಂದಿನ ಸಂದೇಶವನ್ನೇ ಮೊದಲನೆಯದೆಂದು ಎಣಿಸಿ.

3. ತಲುಪಿದೆಯೇ ಎಂದು ನೋಡಿ, ಆದರೆ ಗುರುತುಗಳನ್ನು ಅತಿಯಾಗಿ ನಂಬಬೇಡಿ

ತಾಂತ್ರಿಕವಾಗಿ ತಿಳಿಯಬಹುದಾದದ್ದು ಸ್ವಲ್ಪವೇ. ಆ ಸ್ವಲ್ಪವನ್ನು ಸರಿಯಾಗಿ ತಿಳಿದುಕೊಳ್ಳೋಣ.

ಮೇಲ್ ತಲುಪದಿದ್ದರೆ ಹಲವು ಬಾರಿ ‘ಮರಳಿ ಬಂದ ಸೂಚನೆ’ ಬರುತ್ತದೆ. ಅದರೊಳಗೆ ಒಂದು ಸಂಖ್ಯೆ ಇರುತ್ತದೆ. 5ರಿಂದ ಶುರುವಾದರೆ ಶಾಶ್ವತ ವೈಫಲ್ಯ, 4ರಿಂದ ಶುರುವಾದರೆ ತಾತ್ಕಾಲಿಕ. ಉದಾಹರಣೆಗೆ `550 5.1.1` ಎಂದಿದ್ದರೆ ಆ ಹೆಸರಿನ ಅಂಚೆಪೆಟ್ಟಿಗೆಯೇ ಅಲ್ಲಿಲ್ಲ. ವಿಳಾಸವನ್ನು ತಪ್ಪಾಗಿ ಬರೆದಿರಬಹುದು, ಆ ವ್ಯಕ್ತಿ ಕೆಲಸ ಬಿಟ್ಟಿರಲೂಬಹುದು. `5.2.2` ಎಂದಿದ್ದರೆ ಪೆಟ್ಟಿಗೆ ತುಂಬಿದೆ. ತಾತ್ಕಾಲಿಕ ವೈಫಲ್ಯದಲ್ಲಿ ಕಳುಹಿಸುವ ಸರ್ವರ್ ತಾನೇ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಕೈಬಿಟ್ಟ ಸೂಚನೆ ಕೆಲವು ದಿನಗಳ ನಂತರ ಬರಬಹುದು, ನೀವು ಆ ಹೊತ್ತಿಗೆ ಅದನ್ನು ಗಮನಿಸದೆಯೂ ಇರಬಹುದು. ಆದ್ದರಿಂದ ನೆನಪಿನ ಸಂದೇಶ ಬರೆಯುವ ಮೊದಲು ನಿಮ್ಮದೇ ಪೆಟ್ಟಿಗೆಯಲ್ಲಿ, ಸ್ಪ್ಯಾಮ್ ಕಡತಕೋಶವನ್ನೂ ಸೇರಿಸಿ, ಒಮ್ಮೆ ಹುಡುಕಿ. ಅವರ ಉತ್ತರವೇ ಅಲ್ಲಿ ಬಿದ್ದಿರುವುದೂ ಉಂಟು.

ಸೂಚನೆ ಬರಲಿಲ್ಲ ಎಂದ ಮಾತ್ರಕ್ಕೆ ಅವರು ನೋಡಿದರು ಎಂದಲ್ಲ. ಅವರ ಸ್ಪ್ಯಾಮ್ ಕೋಶಕ್ಕೆ ಹೋದ ಮೇಲ್ ನಿಮ್ಮ ಕಡೆಯಿಂದ ತಲುಪಿದ ಮೇಲ್‌ನಂತೆಯೇ ಕಾಣುತ್ತದೆ. ದೊಡ್ಡ ಲಗತ್ತು ಇನ್ನೊಂದು ತೊಡಕು. ಜಿಮೇಲ್ 25 ಎಂಬಿಯವರೆಗೆ ಕಳುಹಿಸಲು ಬಿಡುತ್ತದೆ, ಆದರೆ ಅದಕ್ಕಿಂತ ಕಡಿಮೆ ಮಿತಿ ಇಟ್ಟುಕೊಂಡ ಕಚೇರಿಗಳೂ ಇವೆ. ಕೊಟೇಶನ್ ಜೊತೆ ಹಳೆಯ ಕೆಲಸಗಳ ಮಾದರಿಯನ್ನೆಲ್ಲ ತುರುಕಬೇಡಿ.

ಮೇಲ್ ತೆರೆದದ್ದನ್ನು ತಿಳಿಸುವ ಸೇವೆಗಳ ಬಗ್ಗೆ ಒಂದು ಎಚ್ಚರಿಕೆ. ಅವು ಮೇಲ್‌ನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿತ್ರವನ್ನು ಇಡುತ್ತವೆ, ಆ ಚಿತ್ರ ಇಳಿದಾಗ ‘ತೆರೆದರು’ ಎಂದು ಎಣಿಸುತ್ತವೆ. ಆದರೆ 2021ರಲ್ಲಿ ಆಪಲ್ ತನ್ನ ಮೇಲ್ ಆ್ಯಪ್‌ಗೆ ತಂದ ಗೌಪ್ಯತೆಯ ಸೌಲಭ್ಯವನ್ನು ಬಳಕೆದಾರರು ಆನ್ ಮಾಡಿದ್ದರೆ, ಓದಲಿ ಬಿಡಲಿ, ಚಿತ್ರಗಳು ಹಿನ್ನೆಲೆಯಲ್ಲೇ ಇಳಿಯುತ್ತವೆ. ಇನ್ನು ಚಿತ್ರಗಳನ್ನು ತಡೆದಿಟ್ಟವರು ಪೂರ್ತಿ ಓದಿದರೂ ಎಣಿಕೆಗೆ ಸಿಗುವುದಿಲ್ಲ. ‘ಏಳು ಸಲ ತೆರೆದಿದ್ದಾರೆ, ಆದರೂ ಉತ್ತರಿಸಿಲ್ಲ’ ಎಂದು ಕುದಿಯುವವರನ್ನು ಕಂಡಿದ್ದೇನೆ. ಆ ಏಳರಲ್ಲಿ ಮನುಷ್ಯರು ಎಷ್ಟು ಸಲ ತೆರೆದರು ಎಂದು ಯಾರೂ ಹೇಳಲಾರರು.

ವಾಟ್ಸ್‌ಆ್ಯಪ್‌ನ ಗುರುತುಗಳ ಕಥೆಯೂ ಹೀಗೆಯೇ. ಒಂದು ಬೂದು ಗುರುತು ಎಂದರೆ ನಿಮ್ಮಿಂದ ಹೊರಟಿದೆ. ಎರಡು ಬೂದು ಎಂದರೆ ಅವರ ಸಾಧನಕ್ಕೆ ತಲುಪಿದೆ. ನೀಲಿ ಎಂದರೆ ತೆರೆದಿದ್ದಾರೆ. ಓದಿದ ಗುರುತನ್ನು ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಿದವರಿಗೆ ಕಳುಹಿಸಿದ್ದು ಎಂದೂ ನೀಲಿಯಾಗದು, ಪರದೆಯ ಮೇಲಿನ ಸೂಚನೆಯಲ್ಲೇ ಓದಿ ಮುಗಿಸಿದರೂ ಆಗದು. ದಿನಗಟ್ಟಲೆ ಒಂದೇ ಗುರುತು ಇದ್ದರೆ ಫೋನ್ ಆರಿದೆಯೋ, ಸಂಪರ್ಕವಿಲ್ಲವೋ, ನಿಮ್ಮನ್ನು ತಡೆದಿದ್ದಾರೋ ಎಂದು ಅದೊಂದರಿಂದಲೇ ಹೇಳಲಾಗದು. ನೀಲಿ ಗುರುತಿನಿಂದ ಖಚಿತವಾಗುವುದು ಒಂದೇ: ಇನ್ನು ‘ತಲುಪಿತೇ?’ ಎಂದು ಕೇಳುವ ಸಂದೇಶ ದಂಡ. ಮುಂದಿನ ಪ್ರಶ್ನೆಗೆ ಹೋಗಿ.

4. ಮಾತು ಎಲ್ಲಿ ನಿಂತಿತು ಎಂಬುದನ್ನು ಓದಿ

ಮೌನ ಎಷ್ಟು ದಿನದ್ದು ಎಂಬುದಕ್ಕಿಂತ ಅದು ಯಾವ ಮಾತಿನ ನಂತರ ಶುರುವಾಯಿತು ಎಂಬುದು ಹೆಚ್ಚು ಹೇಳುತ್ತದೆ.

ದರ ನೋಡಿದ ಕೂಡಲೇ ನಿಂತಿದ್ದರೆ, ಅದರಲ್ಲೂ ಅದಕ್ಕೆ ಮೊದಲು ಒಂದೇ ದಿನದಲ್ಲಿ ಮೂರು ನಾಲ್ಕು ಸಂದೇಶ ಬರೆಯುತ್ತಿದ್ದವರು ನಿಂತಿದ್ದರೆ, ದರವೇ ಕಾರಣ ಇರುವ ಸಂಭವ ಹೆಚ್ಚು. ಅವರು ಇನ್ನೂ ಇಬ್ಬರಿಂದ ದರ ತರಿಸಿ ಹೋಲಿಸುತ್ತಿರಬಹುದು. ‘ನಿಮ್ಮದು ಹೆಚ್ಚಾಯಿತು’ ಎಂದು ಬರೆಯುವುದು ಅವರಿಗೂ ಇರಿಸುಮುರಿಸು. ಇಲ್ಲಿ ಅವಸರಪಟ್ಟು ದರ ಇಳಿಸುವುದು ಬಹಳ ಮಂದಿ ಮಾಡುವ ತಪ್ಪು. ಅವರು ಕೇಳುವ ಮೊದಲೇ ಇಳಿಸಿದರೆ ಮೊದಲು ಹೇಳಿದ ದರ ಬರೀ ಬಾಯಿಮಾತು ಎಂದಾಗುತ್ತದೆ. ಇಳಿಸುವುದಿದ್ದರೆ ಕೆಲಸದ ವ್ಯಾಪ್ತಿಯನ್ನೂ ಇಳಿಸಿ: ನಲವತ್ತು ಪುಟದ ಬದಲು ಮುಖಪುಟ ಮತ್ತು ಮುಖ್ಯ ಕೋಷ್ಟಕಗಳು ಮಾತ್ರ, ಹೀಗೆ.

‘ಸರಿ, ಮೇಲಿನವರಿಗೆ ತೋರಿಸಿ ಹೇಳುತ್ತೇನೆ’ ಎಂದ ಮೇಲೆ ನಿಂತಿದ್ದರೆ ನೀವು ಮಾತಾಡುತ್ತಿರುವುದು ತೀರ್ಮಾನಿಸುವವರೊಂದಿಗಲ್ಲ. ಅವರ ಬಳಿ ಹೇಳಲು ಏನೂ ಇಲ್ಲ, ಅದಕ್ಕೇ ಹೇಳುತ್ತಿಲ್ಲ. ಈ ಮೌನ ಉದ್ದವಾಗಿದ್ದರೂ ಕೆಟ್ಟದ್ದಲ್ಲ. ಆದರೆ ಒಳ್ಳೆಯ ಸುದ್ದಿಯ ಸುಳಿವೂ ಅಲ್ಲ. ಒಳಗೆ ಒಪ್ಪಿಗೆಯ ಕಾಗದ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಲು ತಿಂಗಳು ಹಿಡಿಯಬಹುದು, ನಿಮ್ಮ ಲೆಕ್ಕದ ಕೊನೆಯ ದಿನ ಅದಕ್ಕಾಗಿ ಕಾಯುವುದಿಲ್ಲ.

ಮೂರನೆಯದು, ಬಾಯಿಮಾತಿನಲ್ಲಿ ‘ಆಯಿತು, ನೀವೇ ಮಾಡಿ’ ಎಂದು ಒಪ್ಪಿ, ಮುಂಗಡ ಅಥವಾ ಸಾಮಗ್ರಿ ಕಳುಹಿಸುವ ಹಂತದಲ್ಲಿ ನಿಂತದ್ದು. ಅನುಭವವಿಲ್ಲದವರನ್ನು ಹೆಚ್ಚು ಮೋಸಗೊಳಿಸುವ ಮೌನ ಇದೇ. ಒಪ್ಪಿದ್ದಾರಲ್ಲ ಎಂದು ಕೆಲಸ ಶುರು ಮಾಡಿಬಿಡುತ್ತಾರೆ. ಸಾಮಗ್ರಿಯೂ ಬಂದಿಲ್ಲ, ಮುಂಗಡವೂ ಬಂದಿಲ್ಲ ಎಂದರೆ ಕೆಲಸ ಇನ್ನೂ ನಿಮ್ಮದಾಗಿಲ್ಲ ಎಂದೇ ತಿಳಿಯಿರಿ, ದಿನಗಳನ್ನು ಬಿಟ್ಟುಕೊಡುವಾಗಲೂ ಹಾಗೆಯೇ ನಡೆದುಕೊಳ್ಳಿ.

ರಜೆಯ ಸ್ವಯಂ ಉತ್ತರ ಬಂದಿದ್ದರೆ ಇವು ಯಾವುವೂ ಅಲ್ಲ. ಅದರಲ್ಲಿ ಬರೆದಿರುವ ಹಿಂದಿರುಗುವ ದಿನಕ್ಕೆ ಎರಡು ಕೆಲಸದ ದಿನ ಸೇರಿಸಿ, ಅಲ್ಲಿಂದ ಎಣಿಸಿ. ಹಿಂದಿರುಗಿದ ಮೊದಲ ಬೆಳಿಗ್ಗೆ ಬರುವ ಮೇಲ್ ರಾಶಿಯ ಅಡಿಗೆ ಬೀಳುತ್ತದೆ.

5. ಮೂರು ಸಂದೇಶ, ಮೂರು ಬೇರೆ ಕೆಲಸ

ವಿನ್ಯಾಸಕಿಯ ಉದಾಹರಣೆಗೆ ಮರಳೋಣ. ಮಾರ್ಚ್ 3ಕ್ಕೆ ಕೊಟೇಶನ್ ಹೋಗಿದೆ.

ಮೊದಲ ಸಂದೇಶ ಮೂರು ಕೆಲಸದ ದಿನಗಳ ನಂತರ, ಅಂದರೆ 6ರ ಗುರುವಾರ. ಅದರ ಕೆಲಸ ತಲುಪಿದೆಯೇ ಎಂದು ನೋಡುವುದು ಮಾತ್ರ. ಹೊಸ ಮೇಲ್ ಬರೆಯದೆ ಹಳೆಯ ಮೇಲ್‌ಗೇ ಉತ್ತರವಾಗಿ ಬರೆಯಬೇಕು, ವಿಷಯದ ಸಾಲನ್ನು ಬದಲಿಸಬಾರದು. ಹಾಗಾದರೆ ಕೊಟೇಶನ್ ಅದರ ಕೆಳಗೇ ಇರುತ್ತದೆ, ಅವರು ಹುಡುಕಬೇಕಾಗಿಲ್ಲ.

> ನಮಸ್ಕಾರ. ಸೋಮವಾರ ಕಳುಹಿಸಿದ ಕೊಟೇಶನ್ ಕಡತ ನಿಮ್ಮಲ್ಲಿ ತೆರೆಯಿತೇ? ತೆರೆಯದಿದ್ದರೆ ದರವನ್ನು ಮೇಲ್‌ನಲ್ಲೇ ಬರೆದು ಕಳುಹಿಸುತ್ತೇನೆ.

‘ನಿಮ್ಮ ಉತ್ತರಕ್ಕಾಗಿ ಕಾಯುತ್ತಿದ್ದೇನೆ’ ಎಂಬ ಸಾಲು ಇಲ್ಲಿ ಬೇಡ. ತೀರ್ಮಾನವನ್ನು ಕೇಳುತ್ತಿಲ್ಲ, ಕಡತ ತೆರೆಯಿತೇ ಎಂದಷ್ಟೇ ಕೇಳುತ್ತಿದ್ದೀರಿ. ತೀರ್ಮಾನವಾಗದವರೂ ಇದಕ್ಕೆ ಉತ್ತರಿಸಬಹುದು.

ಉತ್ತರ ಬರಲಿಲ್ಲ. ಎರಡನೆಯ ಸಂದೇಶ 12ರ ಬುಧವಾರ. ಈಗ ಮಾರ್ಗ ಬದಲಿಸಬೇಕು. ಅದೇ ಪೆಟ್ಟಿಗೆಗೆ ಮೂರನೆಯ ಮೇಲ್ ಹಾಕಿದರೆ ಮೊದಲ ಎರಡು ಎಲ್ಲಿ ಬಿದ್ದಿವೆಯೋ ಇದೂ ಅಲ್ಲೇ ಬೀಳುತ್ತದೆ. ಅವರು ತಾವಾಗಿ ಕೊಟ್ಟ ಫೋನ್ ಸಂಖ್ಯೆ ಇದ್ದರೆ ಕೆಲಸದ ವೇಳೆಯಲ್ಲಿ ಒಂದು ಕರೆ, ಇಲ್ಲದಿದ್ದರೆ ಕಚೇರಿಯ ಸಾಮಾನ್ಯ ಸಂಖ್ಯೆಗೆ. ಅವರು ಕೊಡದ ವೈಯಕ್ತಿಕ ಸಂಖ್ಯೆಯನ್ನು ಪತ್ತೆ ಹಚ್ಚಿ ಕರೆಯಬೇಡಿ, ಸಾಮಾಜಿಕ ಜಾಲತಾಣದಲ್ಲಿ ಅವರ ಕುಟುಂಬದ ಚಿತ್ರದ ಕೆಳಗೆ ‘ಮೇಲ್ ನೋಡಿ’ ಎಂದು ಬರೆಯಬೇಡಿ. ಹಾಗೆ ಮಾಡಿದವರೂ ಇದ್ದಾರೆ ಎಂದು ಹೇಳಿದರೆ ನಂಬುತ್ತೀರೋ ಇಲ್ಲವೋ.

ವಿನ್ಯಾಸಕಿ ಕಚೇರಿಗೆ ಕರೆ ಮಾಡಿದಾಗ, ಸಂಬಂಧಪಟ್ಟ ವ್ಯಕ್ತಿ ಕೆಲಸದಲ್ಲೇ ಇದ್ದಾರೆ, ಸಭೆಯಲ್ಲಿದ್ದಾರೆ, ವರದಿಯ ಖರ್ಚು ಹಣಕಾಸು ವಿಭಾಗದ ಒಪ್ಪಿಗೆಗೆ ಹೋಗಿದೆ ಎಂದು ಸಹಾಯಕರು ಹೇಳಿದರು ಎಂದುಕೊಳ್ಳಿ. ಒಂದೇ ಕರೆಯಿಂದ ಎರಡು ಸಾಧ್ಯತೆಗಳು ಬಿದ್ದುಹೋದವು. ಕೊಟೇಶನ್ ತಲುಪಿದೆ. ವ್ಯಕ್ತಿ ಬದಲಾಗಿಲ್ಲ. ಇನ್ನುಳಿದಿರುವುದು ಒಳಗಿನ ವಿಳಂಬ ಅಥವಾ ದರದ ತಕರಾರು. ಅದೇ ದಿನ ಅವರು ಹೀಗೆ ಬರೆಯುತ್ತಾರೆ:

> ನಮಸ್ಕಾರ. ವರದಿಯ ಖರ್ಚು ಹಣಕಾಸು ವಿಭಾಗದ ಒಪ್ಪಿಗೆಗೆ ಹೋಗಿದೆ ಎಂದು ನಿಮ್ಮ ಕಚೇರಿಯಿಂದ ತಿಳಿಯಿತು. ಮುಂದಿನ ವಾರದೊಳಗೆ ತೀರ್ಮಾನ ಆಗಬಹುದೇ? ಹೌದು ಅಥವಾ ಇಲ್ಲ ಎಂದಷ್ಟೇ ತಿಳಿಸಿದರೂ ಸಾಕು.

ಪ್ರಶ್ನೆ ಚಿಕ್ಕದಾಗಿದೆ ನೋಡಿ. ಪ್ರತಿ ಸಲವೂ ಉತ್ತರಿಸುವ ಶ್ರಮ ಕಡಿಮೆಯಾಗಬೇಕು, ಆಗ ಮೌನದ ಅರ್ಥ ಸ್ಪಷ್ಟವಾಗುತ್ತಾ ಹೋಗುತ್ತದೆ. ಐದು ಪ್ರಶ್ನೆಗಳಿಗೆ ಉತ್ತರಿಸದವರು ಬಿಡುವಿಲ್ಲದವರಿರಬಹುದು. ತಲುಪಿದೆ ಎಂದು ಖಚಿತವಿರುವ, ಒಂದು ಪದದಲ್ಲಿ ಉತ್ತರಿಸಬಹುದಾದ ಪ್ರಶ್ನೆಗೆ ಐದು ದಿನ ಉತ್ತರಿಸದಿದ್ದರೆ ಸದ್ಯಕ್ಕೆ ನಿಮ್ಮ ಕೆಲಸ ಅವರ ಪಟ್ಟಿಯ ಮೇಲ್ಭಾಗದಲ್ಲಿ ಇಲ್ಲ ಎಂದು ಧೈರ್ಯವಾಗಿ ಓದಬಹುದು. ಅದಕ್ಕಿಂತ ಹೆಚ್ಚು ಓದಬೇಡಿ. ನಿಮ್ಮ ಕೆಲಸ ಕಳಪೆ ಎಂದಾಗಲಿ, ಅವರು ಅಹಂಕಾರಿಗಳು ಎಂದಾಗಲಿ ಆ ಮೌನದಲ್ಲಿ ಬರೆದಿಲ್ಲ.

6. ಮುಕ್ತಾಯದ ಸಂದೇಶ

ಮೂರನೆಯದು 17ರ ಸೋಮವಾರ. ಉತ್ತರ ಬಾರದಿದ್ದರೂ ಕೆಲಸ ಮುಂದಕ್ಕೆ ಹೋಗುವಂತೆ ಬರೆದ ಸಂದೇಶ ಇದು. ಮೌನವಾಗಿದ್ದರೆ ಏನಾಗುತ್ತದೆ ಎಂದು ನೀವೇ ಹೇಳಿಬಿಡುತ್ತೀರಿ, ಹಾಗಾಗಿ ಅವರ ಮೌನವೂ ಒಂದು ಉತ್ತರವಾಗಿಬಿಡುತ್ತದೆ.

> ನಮಸ್ಕಾರ. ಏಪ್ರಿಲ್ 25ರ ಸಭೆಗೆ ಪ್ರತಿಗಳು ಸಿದ್ಧವಾಗಬೇಕಾದರೆ ನಾನು ಮಾರ್ಚ್ 24ಕ್ಕೆ ಕೆಲಸ ಆರಂಭಿಸಬೇಕಾಗುತ್ತದೆ. ಈ ಶುಕ್ರವಾರ, 21ರ ಸಂಜೆಯವರೆಗೆ ಆ ದಿನಗಳನ್ನು ನಿಮಗಾಗಿ ಕಾಯ್ದಿರಿಸಿರುತ್ತೇನೆ. ಅಷ್ಟರಲ್ಲಿ ಒಪ್ಪಿಗೆ ಬಾರದಿದ್ದರೆ ಬೇರೆ ಕೆಲಸ ಒಪ್ಪಿಕೊಳ್ಳುತ್ತೇನೆ, ಈ ಕೊಟೇಶನ್ ಕೂಡ ಅಂದಿಗೆ ಮುಕ್ತಾಯವಾಗುತ್ತದೆ. ಮುಂದೆ ಅಗತ್ಯ ಬಿದ್ದರೆ ಬರೆಯಿರಿ, ಆಗಿನ ಬಿಡುವು ನೋಡಿ ಹೊಸ ದರ ಕಳುಹಿಸುತ್ತೇನೆ.

ಇದರಲ್ಲಿ ದಿನಾಂಕ ಇದೆ, ದಿನಾಂಕಕ್ಕೆ ಕಾರಣ ಇದೆ, ಆಮೇಲೆ ಏನು ಎಂಬುದೂ ಇದೆ. ‘ನಿಮಗೆ ಆಸಕ್ತಿ ಇಲ್ಲವೆಂದು ಭಾವಿಸುತ್ತೇನೆ’ ಎಂಬ ಮಾತು ಇಲ್ಲ. ಆ ಸಾಲು ಹಲವರ ಕೈಯಲ್ಲಿ ಚುಚ್ಚುವ ಸೂಜಿಯಾಗುತ್ತದೆ, ಓದಿದವರು ಕ್ಷಮೆ ಕೇಳಬೇಕೋ ವಾದಿಸಬೇಕೋ ಎಂದು ಗೊಂದಲಕ್ಕೆ ಬಿದ್ದು ಮತ್ತೆ ಸುಮ್ಮನಾಗುತ್ತಾರೆ. ಎಷ್ಟು ಸಲ ಬರೆದಿರಿ ಎಂಬ ಲೆಕ್ಕವನ್ನೂ ಒಪ್ಪಿಸಬೇಡಿ. ಹಳೆಯ ಮೇಲ್‌ಗಳು ಕೆಳಗೇ ಇವೆ, ಎಣಿಸಲು ಅವರಿಗೂ ಬರುತ್ತದೆ.

ಎರಡು ಎಚ್ಚರಿಕೆಗಳು. ಸುಳ್ಳು ಗಡುವು ಕೊಡಬೇಡಿ. 21ಕ್ಕೆ ಮುಗಿಯಿತು ಎಂದು ಬರೆದು 24ಕ್ಕೆ ‘ಇನ್ನೂ ಸಮಯವಿದೆ’ ಎಂದು ಬರೆದರೆ ನಿಮ್ಮ ಯಾವ ದಿನಾಂಕಕ್ಕೂ ಬೆಲೆ ಇರುವುದಿಲ್ಲ. ಎರಡನೆಯದು, ಮುಕ್ತಾಯದ ಸಂದೇಶ ಕಳುಹಿಸಿದ ಮೇಲೆ ಆ ದಿನ ಬರುವವರೆಗೆ ಏನನ್ನೂ ಕಳುಹಿಸಬೇಡಿ. ‘ನಾಳೆ ಕೊನೆಯ ದಿನ’ ಎಂಬ ನೆನಪೂ ಬೇಡ. ನಾಲ್ಕನೆಯ ಸಂದೇಶದಿಂದ ಹೊಸದಾಗಿ ತಿಳಿಯುವುದು ಏನೂ ಉಳಿದಿಲ್ಲ.

ನಡುವೆ ಉತ್ತರ ಬಂದು, ಆದರೆ ಅದು ‘ನೋಡುತ್ತೇವೆ, ತಿಳಿಸುತ್ತೇವೆ’ ಎಂದಿದ್ದರೆ? ಗಡುವು ಬದಲಾಗುವುದಿಲ್ಲ. ‘ಆಗಲಿ, 21ರವರೆಗೆ ದಿನಗಳು ನಿಮ್ಮವೇ’ ಎಂದು ಒಂದು ಸಾಲು ಬರೆದು ಸುಮ್ಮನಾಗಿ. ಅವರು ನಿರ್ದಿಷ್ಟ ದಿನ ಕೊಟ್ಟರೆ, ಉದಾಹರಣೆಗೆ ‘ಗುರುವಾರ ಸಭೆಯಿದೆ, ಅಲ್ಲಿ ತೀರ್ಮಾನ’ ಎಂದರೆ, ಅದು ಬೇರೆ ಮಾತು. ದಿನಾಂಕ ಕೊಡುವವರು ತೀರ್ಮಾನದ ಕಡೆಗೆ ಹೆಜ್ಜೆ ಇಡುತ್ತಿದ್ದಾರೆ.

7. ಬಿಟ್ಟ ಮೇಲೆ

21 ದಾಟಿತು. 24ರ ಬೆಳಿಗ್ಗೆ ವಿನ್ಯಾಸಕಿ ಮುಂದೂಡಿದ್ದ ಇನ್ನೊಬ್ಬರ ಕೆಲಸವನ್ನು ಒಪ್ಪಿಕೊಂಡರು. ಹಾಳೆಯಲ್ಲಿ ಈ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ಒಳಗಿನ ಒಪ್ಪಿಗೆಯಲ್ಲಿ ನಿಂತಿತು’ ಎಂದು ಬರೆದುಕೊಂಡರು. ಕಾರಣ ಬರೆದಿಡುವುದು ಮುಖ್ಯ. ಹತ್ತಾರು ಸಾಲು ಸೇರಿದಾಗ ಎಲ್ಲವೂ ದರದ ನಂತರವೇ ನಿಲ್ಲುತ್ತಿವೆಯೋ, ತೀರ್ಮಾನಿಸುವವರನ್ನು ನೀವು ತಲುಪುತ್ತಲೇ ಇಲ್ಲವೋ ಎಂದು ಕಾಣತೊಡಗುತ್ತದೆ.

ಗ್ರಾಹಕರು ಕೊಟ್ಟ ಕರಡು, ಲೆಕ್ಕಪತ್ರ, ಚಿತ್ರಗಳು ನಿಮ್ಮಲ್ಲಿದ್ದರೆ ಅವನ್ನು ಮರಳಿಸುವ ಅಥವಾ ಅಳಿಸುವ ಹೊಣೆ ನಿಮ್ಮ ಮೇಲಿದೆ, ಅವರು ಉತ್ತರಿಸದಿದ್ದರೂ. ಮುಂಗಡ ಪಡೆದಿದ್ದರಂತೂ ಮೌನವನ್ನು ನೆಪವಾಗಿಸಿಕೊಂಡು ಬಿಟ್ಟುಬಿಡುವಂತಿಲ್ಲ.

ಈಗ ಸಾಮಾನ್ಯವಾಗಿ ನಡೆಯುವ ತಿರುವು. ಏಪ್ರಿಲ್ 2ರಂದು ಮೇಲ್ ಬರುತ್ತದೆ: ‘ತಡವಾಯಿತು, ಕ್ಷಮಿಸಿ. ಒಪ್ಪಿಗೆ ಸಿಕ್ಕಿದೆ. ಇಂದೇ ಶುರು ಮಾಡಬಹುದೇ?’ 18ಕ್ಕೆ ಕಡತ ಬೇಕು, ಉಳಿದಿರುವುದು ಎರಡೂವರೆ ವಾರ, ಕೆಲಸ ನಾಲ್ಕು ವಾರದ್ದು. ಸಂತೋಷದಿಂದ ‘ಹೌದು’ ಎಂದವರು ಹೊಸ ಗ್ರಾಹಕರನ್ನೂ ಹಳೆಯವರನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾರೆ. ವಿನ್ಯಾಸಕಿಯ ಉತ್ತರ ಹೀಗಿರಬಹುದು: ಹಳೆಯ ಕೊಟೇಶನ್ ಮುಗಿದಿದೆ. ಈಗಿನ ಸಮಯದಲ್ಲಿ ಮುಖಪುಟ ಮತ್ತು ಹದಿನಾರು ಪುಟಗಳ ಸಂಕ್ಷಿಪ್ತ ವರದಿಯನ್ನು ಸಭೆಗೆ ಮುಗಿಸಬಹುದು, ಪೂರ್ತಿ ವರದಿ ಮೇ ಕೊನೆಗೆ. ಎರಡಕ್ಕೂ ಬೇರೆ ಬೇರೆ ದರ, ಮುಂಗಡ ಬಂದ ದಿನ ಆರಂಭ. ಬೇಡವಾದರೆ ಇನ್ನೊಬ್ಬ ವಿನ್ಯಾಸಕರ ಹೆಸರು ಕೊಡುತ್ತೇನೆ. ತಡ ಮಾಡಿದ್ದಕ್ಕೆ ಒಂದು ಮಾತೂ ಬೇಡ. ಮುಂಗಡದ ಷರತ್ತೇ ಆ ಕೆಲಸ ಮಾಡುತ್ತದೆ.

ಯಾವ ಸುದ್ದಿಯೂ ಬಾರದೆ ತಿಂಗಳುಗಳು ಕಳೆದರೆ ಒಂದು ಸಲ ಮತ್ತೆ ಬರೆಯಬಹುದು, ಆದರೆ ಹೊಸ ಕಾರಣವಿದ್ದರೆ ಮಾತ್ರ. ಮುಂದಿನ ವರ್ಷದ ವರದಿಯ ಸಮಯ ಹತ್ತಿರವಾಗಿದೆ ಎಂಬುದು ಕಾರಣ. ಸುಮ್ಮನೆ ನೆನಪಾಯಿತು ಎಂಬುದು ಕಾರಣವಲ್ಲ. ಆಗ ಹಳೆಯ ಮೇಲ್‌ಗೆ ಉತ್ತರವಾಗಿ ಬರೆಯದೆ ಹೊಸ ವಿಷಯದ ಸಾಲಿನಲ್ಲಿ ಬರೆಯಿರಿ, ಉತ್ತರಿಸದ ಮೇಲ್‌ಗಳ ಸರಪಳಿ ಅವರ ಕಣ್ಣಿಗೆ ಬೀಳುವುದು ಬೇಡ. ‘ಬೇಡ’ ಎಂದು ಸ್ಪಷ್ಟವಾಗಿ ಹೇಳಿದವರಿಗೆ, ಇನ್ನು ಬರೆಯಬೇಡಿ ಎಂದವರಿಗೆ ಇದೂ ಇಲ್ಲ.

ಮುಂದಿನ ಕೊಟೇಶನ್ ಬರೆಯುವಾಗ ಎರಡು ಸಾಲುಗಳನ್ನು ಸೇರಿಸಿದರೆ ಈ ಓಡಾಟದ ಅರ್ಧ ತಪ್ಪುತ್ತದೆ. ಒಂದು, ‘ಈ ದರ ಇಂಥ ದಿನಾಂಕದವರೆಗೆ ಮಾತ್ರ’. ಇನ್ನೊಂದನ್ನು ಕೊಟೇಶನ್ ಕಳುಹಿಸುವ ಮೊದಲೇ ಫೋನಿನಲ್ಲಿ ಕೇಳುವುದು ಮೇಲು: ‘ಇದನ್ನು ಒಪ್ಪುವವರು ನೀವೇ ಅಥವಾ ಇನ್ನೊಬ್ಬರಿಗೆ ತೋರಿಸಬೇಕೇ? ತೋರಿಸುವುದಿದ್ದರೆ ಅವರ ಹೆಸರನ್ನೂ ಕೊಟೇಶನ್‌ನಲ್ಲಿ ಸೇರಿಸಲೇ?’